ಜಿಗಿತಕ್ಕೆ ಮುಂಚಿನ ದಿನಗಳು

2021ರ ಜೂನ್ 10ರ ಬೆಳಿಗ್ಗೆ ಕೇಂದ್ರ ಆರೋಗ್ಯ ಸಚಿವಾಲಯದ ಅಂಕಿಗಳು ಎಂದಿನಂತೆ ಬದಲಾದವು. ಎರಡನೇ ಅಲೆ ಇಳಿಯುತ್ತಿದ್ದ ದಿನಗಳವು. ಹಿಂದಿನ ದಿನ 2,219 ಸಾವು, ಅದರ ಹಿಂದಿನ ದಿನ 2,123. ಆ ಬೆಳಿಗ್ಗೆ ಮಾತ್ರ 24 ಗಂಟೆಗಳ ಸಾವಿನ ಸಂಖ್ಯೆ 6,148 ಎಂದಿತ್ತು. ಅಲೆ ಉತ್ತುಂಗದಲ್ಲಿದ್ದ ಮೇ ತಿಂಗಳಲ್ಲೂ ದೇಶದಲ್ಲಿ ಒಂದೇ ದಿನ ಇಷ್ಟು ಸಾವು ವರದಿಯಾಗಿರಲಿಲ್ಲ.

ಕಾರಣ ಹಿಂದಿನ ಸಂಜೆಯೇ ಪಟ್ನಾದಿಂದ ಹೊರಬಿದ್ದಿತ್ತು. ಬಿಹಾರ ಸರ್ಕಾರ ತನ್ನ ಒಟ್ಟು ಕೋವಿಡ್ ಸಾವಿನ ಲೆಕ್ಕವನ್ನು 5,458ರಿಂದ 9,429ಕ್ಕೆ ಏರಿಸಿತ್ತು. ಅದರಲ್ಲಿ 3,951 ಸಾವುಗಳು ಪರಿಶೀಲನೆಯ ನಂತರ ಸೇರಿಸಿದವು. ಖಾಸಗಿ ಆಸ್ಪತ್ರೆಯಲ್ಲಿ ಸತ್ತವರು, ಮನೆಯಲ್ಲೇ ಸತ್ತವರು, ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಸತ್ತವರು, ಸೋಂಕು ವಾಸಿಯಾದ ಮೇಲೆ ಅದರ ತೊಂದರೆಗಳಿಂದ ಸತ್ತವರು ಅದುವರೆಗೆ ಲೆಕ್ಕಕ್ಕೆ ಬಂದಿರಲಿಲ್ಲ. ಪಟ್ನಾ ಹೈಕೋರ್ಟ್ ಮೇ ತಿಂಗಳಲ್ಲಿ ಸಾವಿನ ಲೆಕ್ಕದ ಬಗ್ಗೆ ಸರ್ಕಾರವನ್ನು ಖಾರವಾಗಿ ಪ್ರಶ್ನಿಸಿದ ಮೇಲೆ ಜಿಲ್ಲೆಜಿಲ್ಲೆಗಳಲ್ಲಿ ಮರುಪರಿಶೀಲನೆ ನಡೆದಿತ್ತು. ಅದರ ಫಲ ಒಟ್ಟಾಗಿ ಒಂದೇ ದಿನದ ಖಾನೆಗೆ ಬಂದು ಬಿತ್ತು.

ಈಗ ಒಂದು ಡ್ಯಾಶ್‌ಬೋರ್ಡ್ ಕಲ್ಪಿಸಿಕೊಳ್ಳಿ. ಅದರಲ್ಲಿ ಹೊಸ ಅಂಕಿ ಬಂದಾಗಲೆಲ್ಲ ಅದನ್ನು ಹಿಂದಿನ ಕೆಲವು ದಿನಗಳ ಸರಾಸರಿಯ ಜೊತೆ ಹೋಲಿಸಿ, ತೀರಾ ದೂರವಿದ್ದರೆ ಪಕ್ಕದಲ್ಲಿ ಒಂದು ಕೆಂಪು ಗುರುತು ಹಾಕುವ ಏರ್ಪಾಡಿದೆ. 6,148ಕ್ಕೆ ಅದು ಕೆಂಪು ಹಾಕಬೇಕೆ? ಹಾಕಲೇಬೇಕು. ಹಾಗಾದರೆ ಆ ಅಂಕಿ ತಪ್ಪೇ? ಅಲ್ಲ. ತಪ್ಪಿದ್ದದ್ದು ಅದಕ್ಕೆ ಮುಂಚಿನ ವಾರಗಳಲ್ಲಿ. ಆ ವಾರಗಳ ಒಂದೇ ಒಂದು ಅಂಕಿಗೂ ಯಾವ ಗುರುತೂ ಬಿದ್ದಿರಲಿಲ್ಲ. ಈ ತಮಾಷೆಗೆ ನೂರು ವರ್ಷಗಳ ಹಿನ್ನೆಲೆಯಿದೆ.

1924ರ ಮೇ 16ರಂದು ಅಮೆರಿಕದ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯಲ್ಲಿ ವಾಲ್ಟರ್ ಶೂಹಾರ್ಟ್ ಎಂಬ ಭೌತವಿಜ್ಞಾನಿ ತನ್ನ ಮೇಲಧಿಕಾರಿಗೆ ಒಂದು ಪುಟದ ಟಿಪ್ಪಣಿ ಕಳಿಸಿದರು. ಅದರಲ್ಲಿ ಒಂದು ಪುಟ್ಟ ನಕ್ಷೆಯಿತ್ತು. ವೆಸ್ಟರ್ನ್ ಎಲೆಕ್ಟ್ರಿಕ್ ಟೆಲಿಫೋನ್ ಉಪಕರಣಗಳನ್ನು ತಯಾರಿಸುತ್ತಿದ್ದ ಕಂಪನಿ. ಕಾರ್ಖಾನೆಯಲ್ಲಿ ದೋಷವಿರುವ ಭಾಗಗಳ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿಯುತ್ತಿತ್ತು. ಏರಿದಾಗಲೆಲ್ಲ ಮೇಲ್ವಿಚಾರಕರು ಯಂತ್ರ ತಿರುಚುತ್ತಿದ್ದರು, ಕೆಲಸಗಾರರನ್ನು ಬೈಯುತ್ತಿದ್ದರು. ಎಷ್ಟೋ ಸಲ ಆ ತಿರುಚುವಿಕೆಯಿಂದಲೇ ಮಾಲು ಇನ್ನಷ್ಟು ಕೆಡುತ್ತಿತ್ತು. ಶೂಹಾರ್ಟ್ ಹೇಳಿದ್ದು ಸರಳ. ಎಲ್ಲ ಏರಿಳಿತವೂ ಸುದ್ದಿಯಲ್ಲ. ಒಂದಿಷ್ಟು ಏರಿಳಿತ ಆ ಕೆಲಸದ ಸ್ವಭಾವದಲ್ಲೇ ಇರುತ್ತದೆ, ಅದಕ್ಕೆ ಬೆರಳಿಟ್ಟು ತೋರಿಸುವಂಥ ಕಾರಣವಿಲ್ಲ. ಇನ್ನೊಂದಿಷ್ಟಕ್ಕೆ ಕಾರಣವಿರುತ್ತದೆ ಮತ್ತು ಹುಡುಕಿದರೆ ಸಿಗುತ್ತದೆ. ಇವೆರಡರ ನಡುವೆ ಗೆರೆ ಎಳೆಯಬೇಕು.

ಗೆರೆ ಎಳೆಯುವ ಕ್ರಮವೂ ಸರಳವೇ. ಅಂಕಿಗಳ ಸರಾಸರಿ ತೆಗೆಯಿರಿ. ಅಂಕಿಗಳು ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ದೂರ ಅಡ್ಡಾಡುತ್ತವೆ ಎಂದು ಅಳೆಯಿರಿ. ನಮ್ಮ ಹೈಸ್ಕೂಲು ಗಣಿತದಲ್ಲಿ ಮಾನಕ ವಿಚಲನೆ ಎನ್ನುತ್ತಿದ್ದೆವಲ್ಲ, ಅದೇ ಈ ಅಳತೆ. ಸರಾಸರಿಯಿಂದ ಅದರ ಮೂರರಷ್ಟು ಮೇಲೆ ಒಂದು ಗೆರೆ, ಮೂರರಷ್ಟು ಕೆಳಗೆ ಒಂದು ಗೆರೆ. ಒಳಗಿದ್ದರೆ ಸುಮ್ಮನಿರಿ, ಹೊರಗೆ ಹೋದರೆ ಎದ್ದು ಹೋಗಿ ನೋಡಿ. ಮೂರು ಎಂಬ ಸಂಖ್ಯೆಯನ್ನು ಶೂಹಾರ್ಟ್ ಆರಿಸಿದ್ದರಲ್ಲಿ ಗಣಿತಕ್ಕಿಂತ ಹೆಚ್ಚಾಗಿ ಖರ್ಚಿನ ಲೆಕ್ಕಾಚಾರವಿತ್ತು. ಸುಮ್ಮಸುಮ್ಮನೆ ಓಡುವುದರ ಖರ್ಚು ಒಂದು ಕಡೆ, ನಿಜವಾದ ತೊಂದರೆ ಕೈತಪ್ಪುವುದರ ಖರ್ಚು ಇನ್ನೊಂದು ಕಡೆ. ಮೂರು ಇವೆರಡಕ್ಕೂ ಹೊಂದುವಂತೆ ಕಂಡಿತು. 1931ರ ಅವರ ಪುಸ್ತಕದ ಹೆಸರಿನಲ್ಲೇ ‘ಆರ್ಥಿಕ ನಿಯಂತ್ರಣ’ ಎಂಬ ಮಾತಿದೆ. ಮಹಲನೊಬಿಸ್ ಅವರ ಆಹ್ವಾನದ ಮೇಲೆ 1947-48ರಲ್ಲಿ ಶೂಹಾರ್ಟ್ ಭಾರತಕ್ಕೂ ಬಂದು, ಹೊಸದಾಗಿ ಸ್ವತಂತ್ರವಾದ ದೇಶದ ಕಾರ್ಖಾನೆಗಳಲ್ಲಿ ಈ ನಕ್ಷೆಯ ಪ್ರಚಾರ ಮಾಡಿ ಹೋದರು.

ಇಲ್ಲಿ ಅನುವಾದಕಳ ಒಂದು ತಕರಾರು. ಗೆರೆ ದಾಟಿದ ಅಂಕಿಗೆ ನಾವು ಕನ್ನಡದಲ್ಲಿ ‘ಅಸಹಜ’ ಎಂದು ಬರೆದುಬಿಡುತ್ತೇವೆ. ಪತ್ರಿಕೆಗಳಲ್ಲಿ ‘ಶಂಕಾಸ್ಪದ’ ಎಂದೂ ಬರುತ್ತದೆ. ಎರಡೂ ತೀರ್ಪು ಕೊಟ್ಟುಬಿಡುವ ಪದಗಳು. ಗೆರೆ ಅಷ್ಟು ಮಾತಾಡುವುದಿಲ್ಲ. ‘ಇದನ್ನು ನಾನು ನಿರೀಕ್ಷಿಸಿರಲಿಲ್ಲ’ ಎನ್ನುವುದಷ್ಟೇ ಅದರ ಮಾತು. ಬಿಹಾರದ 3,951 ಸಾವುಗಳಲ್ಲಿ ಅಸಹಜವಾದದ್ದು ಅವುಗಳನ್ನು ಸೇರಿಸಿದ್ದಲ್ಲ, ಅಷ್ಟು ದಿನ ಸೇರಿಸದೆ ಇದ್ದದ್ದು. ನಾನು ‘ಅನಿರೀಕ್ಷಿತ’ ಎನ್ನುವುದನ್ನೇ ಬಳಸುತ್ತೇನೆ. ಸ್ವಲ್ಪ ಸಪ್ಪೆ ಪದ, ಆದರೆ ಸುಳ್ಳಾಡುವುದಿಲ್ಲ.

ಕಾರ್ಖಾನೆಗೂ ರೋಗಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾರ್ಖಾನೆಯಲ್ಲಿ ‘ಎಲ್ಲ ಸರಿಯಿದ್ದಾಗ’ ಎಂಬ ಕಾಲವೊಂದಿರುತ್ತದೆ, ಅದರ ಸರಾಸರಿಯನ್ನು ತೆಗೆದಿಟ್ಟುಕೊಂಡು ತಿಂಗಳುಗಟ್ಟಲೆ ಬಳಸಬಹುದು. ಆಸ್ಪತ್ರೆಗೆ ಬರುವ ಜ್ವರದ ರೋಗಿಗಳಿಗೆ ಅಂಥ ಕಾಲವಿಲ್ಲ. ಮಳೆಗಾಲದಲ್ಲಿ ಒಂದು ಲೆಕ್ಕ, ಬೇಸಿಗೆಯಲ್ಲಿ ಇನ್ನೊಂದು. ಆದ್ದರಿಂದ ಅಮೆರಿಕದ ರೋಗ ನಿಯಂತ್ರಣ ಕೇಂದ್ರ, ಅಂದರೆ ಸಿಡಿಸಿ, ಹೆಚ್ಚು ಹಳೆಯ ದಾಖಲೆಯೇ ಇಲ್ಲದ ಕಡೆಯೂ ನಡೆಯುವಂಥ ಒಂದು ವಿಧಾನವನ್ನು ರೂಪಿಸಿತು. ದೊಡ್ಡ ಸಮ್ಮೇಳನಗಳು ನಡೆಯುವ ಊರಿನಲ್ಲಿ, 2001ರ ಸೆಪ್ಟೆಂಬರ್ ದಾಳಿಯ ನಂತರ ನ್ಯೂಯಾರ್ಕಿನಲ್ಲಿ, ಆಸ್ಪತ್ರೆಯ ತುರ್ತು ವಿಭಾಗಗಳಿಗೆ ಬರುವವರ ಲೆಕ್ಕವನ್ನು ದಿನದಿನವೂ ನೋಡಬೇಕಿತ್ತು. ಯಾರಾದರೂ ರೋಗಾಣು ಹರಡಿದರೆ ಬೇಗ ಗೊತ್ತಾಗಲಿ ಎಂಬ ಭಯ ಅದರ ಹಿಂದಿತ್ತು. ಈ ವಿಧಾನಕ್ಕೆ ಇಟ್ಟ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಇಯರ್ಸ್’, ಕಿವಿಗಳು, ಎಂದಾಗುತ್ತದೆ.

ಇಯರ್ಸ್‌ನ ಮೊದಲ ನಿಯಮದ ಹೆಸರು ಸಿ1. ಇಂದಿನ ಅಂಕಿಯನ್ನು ನಿನ್ನೆಯವರೆಗಿನ ಏಳು ದಿನಗಳ ಸರಾಸರಿಯ ಜೊತೆ ಹೋಲಿಸಿ, ಆ ಏಳು ದಿನಗಳ ಮಾನಕ ವಿಚಲನೆಯ ಮೂರರಷ್ಟಕ್ಕಿಂತ ಮೇಲಿದ್ದರೆ ಗುರುತು ಹಾಕಿ. ಅಷ್ಟೇ. ಮರುದಿನ ಏಳು ದಿನಗಳ ಕಿಟಕಿ ಒಂದು ದಿನ ಮುಂದೆ ಸರಿಯುತ್ತದೆ. ಇವತ್ತು ಯಾರೇ ಡ್ಯಾಶ್‌ಬೋರ್ಡ್ ಮಾಡಿ ‘ಇತ್ತೀಚಿನ ಸರಾಸರಿಗೆ ಹೋಲಿಸಿ ಗುರುತು ಹಾಕು’ ಎಂದು ಬರೆದರೆ ಅವರು ತಿಳಿಯದೆಯೇ ಸಿ1 ಬರೆದಿರುತ್ತಾರೆ. ಸ್ಪ್ರೆಡ್‌ಶೀಟಿನಲ್ಲಿ ಒಂದೇ ಸಾಲು:

```
=IF(B9>AVERAGE(B2:B8)+3*STDEV(B2:B8),"ನೋಡಿ","")
```

ಈ ಸಾಲಿಗೆ 2021ರ ಜೂನಿನ ಅಂಕಿಗಳನ್ನು ಕೊಟ್ಟು ನೋಡೋಣ. ಸಚಿವಾಲಯ ಬೆಳಿಗ್ಗೆ ಕೊಡುತ್ತಿದ್ದ ದೇಶದ ಸಾವಿನ ಸಂಖ್ಯೆ ಜೂನ್ 3ರಿಂದ 9ರವರೆಗೆ ಹೀಗಿತ್ತು: 2,887, 2,713, 3,380, 2,677, 2,427, 2,123, 2,219. ಸರಾಸರಿ 2,632. ಮಾನಕ ವಿಚಲನೆ ಸುಮಾರು 429. ಅದರ ಮೂರರಷ್ಟನ್ನು ಸರಾಸರಿಗೆ ಕೂಡಿಸಿದರೆ ಗೆರೆ 3,919ರ ಹತ್ತಿರ ಬೀಳುತ್ತದೆ. ಹತ್ತನೇ ತಾರೀಕಿನ 6,148 ಈ ಗೆರೆಯನ್ನು ಎಲ್ಲೋ ಹಿಂದೆ ಬಿಟ್ಟು ಹೋಗಿದೆ. ಗುರುತು ಬೀಳುತ್ತದೆ. ಅಲ್ಲಿಯವರೆಗೆ ಸರಿ.

ಹನ್ನೆರಡನೇ ತಾರೀಕಿಗೆ ಬನ್ನಿ. ಅಂದಿನ ಅಂಕಿ 4,002. ಅದರಲ್ಲಿ 2,619 ಮಹಾರಾಷ್ಟ್ರದವು. ಮುಂಬೈ, ಪುಣೆಯಲ್ಲಿರುವ ಓದುಗರಿಗೆ ನೆನಪಿರಬಹುದು, ಆ ವಾರ ಮಹಾರಾಷ್ಟ್ರವೂ ತನ್ನ ಹಳೆಯ ಬಾಕಿ ಸಾವುಗಳನ್ನು ಕಂತುಕಂತಾಗಿ ಸೇರಿಸುತ್ತಿತ್ತು. ಬಿಹಾರದ್ದು ಒಂದೇ ಏಟು, ಮಹಾರಾಷ್ಟ್ರದ್ದು ಹಲವು. 4,002 ಕೂಡ ಎದ್ದು ನೋಡಬೇಕಾದ ಅಂಕಿಯೇ. ಆದರೆ ಸಿ1 ಏನು ಮಾಡುತ್ತದೆ? ಅದರ ಕಿಟಕಿಯಲ್ಲಿ ಈಗ ಜೂನ್ 5ರಿಂದ 11ರವರೆಗಿನ ದಿನಗಳಿವೆ, ಅವುಗಳ ನಡುವೆ 6,148 ಕೂತಿದೆ. ಸರಾಸರಿ 3,197ಕ್ಕೆ ಏರಿದೆ. ಅದು ಅಂಥ ಏರಿಕೆಯಲ್ಲ. ಆದರೆ ಮಾನಕ ವಿಚಲನೆ 429ರಿಂದ 1,400ಕ್ಕೆ ಹಾರಿದೆ. ಗೆರೆ 7,397ಕ್ಕೆ ಹೋಗಿ ನಿಂತಿದೆ! 4,002 ತಲೆ ತಗ್ಗಿಸಿಕೊಂಡು ಕೆಳಗೇ ದಾಟಿ ಹೋಗುತ್ತದೆ. ಎರಡು ದಿನ ಹಿಂದೆ ಕೂಗಿದ್ದ ಡ್ಯಾಶ್‌ಬೋರ್ಡು ಈಗ ಕಿವುಡಾಗಿದೆ, ಅದೂ ತಾನು ಕೂಗಿದ ಕಾರಣದಿಂದಲೇ. ಊರಿನಲ್ಲಿ ಒಬ್ಬ ಜೋರಾಗಿ ಜಗಳವಾಡಿದ ಮೇಲೆ ವಾರವಿಡೀ ಉಳಿದವರ ಸಣ್ಣ ಜಗಳಗಳು ಯಾರಿಗೂ ಕೇಳಿಸುವುದಿಲ್ಲವಲ್ಲ, ಹಾಗೆ.

ಸಿಡಿಸಿಯವರಿಗೆ ಇದು ಮೊದಲೇ ಗೊತ್ತಿತ್ತು. ಅವರ ಚಿಂತೆ ಹಳೆಯ ಬಾಕಿಯದಲ್ಲ, ನಿಧಾನವಾಗಿ ಏರುವ ರೋಗದ್ದು. ನಿನ್ನೆ ಸ್ವಲ್ಪ, ಇವತ್ತು ಇನ್ನೂ ಸ್ವಲ್ಪ ಏರಿದರೆ ನಿನ್ನೆಯ ಏರಿಕೆಯೇ ಸರಾಸರಿಯೊಳಗೆ ನುಸುಳಿ ಇವತ್ತಿನದನ್ನು ಮರೆಮಾಡುತ್ತದೆ. ಅದಕ್ಕೇ ಸಿ2 ಎಂಬ ಎರಡನೇ ನಿಯಮ. ಕಿಟಕಿ ಏಳು ದಿನಗಳದ್ದೇ, ಆದರೆ ಇವತ್ತಿಗೂ ಕಿಟಕಿಗೂ ನಡುವೆ ಎರಡು ದಿನಗಳ ಅಂತರ ಬಿಡಬೇಕು. ಜೂನ್ 12ರ ಸಿ2 ಲೆಕ್ಕದಲ್ಲಿ ಕಿಟಕಿ ಜೂನ್ 3ರಿಂದ 9ರವರೆಗೆ. ಅಂದರೆ ನಾವು ಮೊದಲು ಲೆಕ್ಕ ಹಾಕಿದ ಅದೇ ಏಳು ದಿನಗಳು, ಅದೇ 3,919ರ ಗೆರೆ. 4,002 ಗೆರೆಗಿಂತ ಸ್ವಲ್ಪ ಮೇಲಿದೆ. ಗುರುತು ಬೀಳುತ್ತದೆ. ನಾನು ಈ ಲೆಕ್ಕವನ್ನು ಕಾಗದದ ಮೇಲೆ ಮಾಡಿದಾಗ ಎರಡು ಸಲ ತಾಳೆ ನೋಡಿದೆ, ಅಷ್ಟು ಸೂಕ್ಷ್ಮವಾಗಿ ದಾಟಿದೆ.

ಹಾಗೆಂದು ಸಿ2ವನ್ನು ತಲೆಯ ಮೇಲೆ ಹೊತ್ತುಕೊಳ್ಳಬೇಕಾಗಿಲ್ಲ. ಎರಡೇ ದಿನ ಕಳೆಯಲಿ. ಜೂನ್ 14ರಂದು 3,921 ಎಂದು ಬಂತು, ಮತ್ತೆ ಮಹಾರಾಷ್ಟ್ರದ ಹಳೆಯ ಲೆಕ್ಕ. ಅಷ್ಟರಲ್ಲಿ 6,148 ಸಿ2ರ ಕಿಟಕಿಯೊಳಗೂ ಬಂದು ಕೂತಾಗಿತ್ತು. ಗುರುತಿಲ್ಲ. ಅಂತರ ಬಿಟ್ಟರೆ ಕಿವುಡು ಎರಡು ದಿನ ತಡವಾಗುತ್ತದೆ, ಅಷ್ಟೇ.

ನಿಜವಾದ ಉಪಾಯ ಲೆಕ್ಕದೊಳಗಿಲ್ಲ. ಗುರುತು ಬಿದ್ದ ಮೇಲೆ ಯಾರೋ ಒಬ್ಬರು ಫೋನ್ ಮಾಡಿ, ಪ್ರಕಟಣೆ ಓದಿ, ‘ಇದು ಬಾಕಿ’ ಎಂದು ಖಚಿತಪಡಿಸಿಕೊಳ್ಳಬೇಕು. ಆಮೇಲೆ ಆ ಅಂಕಿ ಒಟ್ಟು ಮೊತ್ತದಲ್ಲಿ ಹಾಗೇ ಇರುತ್ತದೆ, ಸರಾಸರಿಯ ಕಿಟಕಿಯಲ್ಲಿ ಮಾತ್ರ ಅದರ ಬದಲಿಗೆ ಬಾಕಿ ಕಳೆದ ಅಂಕಿ ಕೂರುತ್ತದೆ. 6,148ರಲ್ಲಿ 3,951 ಕಳೆದರೆ 2,197. ಹಿಂದಿನ ಎರಡು ದಿನಗಳ 2,123 ಮತ್ತು 2,219ರ ಪಕ್ಕದಲ್ಲಿಟ್ಟು ನೋಡಿ, ಅಂದು ನಿಜಕ್ಕೂ ವಿಶೇಷವೇನೂ ಆಗಿರಲಿಲ್ಲ. ಇಷ್ಟು ತಿದ್ದಿದ ಮೇಲೂ ಸಿ1 ಹನ್ನೆರಡನೇ ತಾರೀಕಿಗೆ ಕೂಗುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಗೆರೆ 4,283ಕ್ಕೆ ಇಳಿಯುತ್ತದೆ, 4,002 ಅದರ ಕೆಳಗೇ. ಆದರೆ 7,397ಕ್ಕಿಂತ ಅದು ಎಷ್ಟೋ ವಾಸಿ. ಮೂರರ ಬದಲು ಎರಡರಷ್ಟಕ್ಕೆ ಒಂದು ಹಳದಿ ಗುರುತನ್ನೂ ಇಟ್ಟುಕೊಂಡಿದ್ದರೆ ಅದು ಬೀಳುತ್ತಿತ್ತು. ಇನ್ನೂ ಒಳ್ಳೆಯದೆಂದರೆ ದೇಶದ ಮೊತ್ತವನ್ನಲ್ಲ, ರಾಜ್ಯವಾರು ಅಂಕಿಗಳನ್ನೇ ನೋಡುವುದು. ಮೂವತ್ತಾರು ಹೊಳೆಗಳು ಸೇರಿದ ಮೇಲೆ ಯಾವ ಹೊಳೆಯಲ್ಲಿ ಕೆಂಪು ನೀರು ಬಂತೆಂದು ಹೇಳುವುದು ಕಷ್ಟ.

ಆದರೆ ರಾಜ್ಯವಾರು ನೋಡಹೊರಟರೆ ಬೇರೊಂದು ಕಾಟ ಕಾದಿದೆ. ಮೂರರಷ್ಟು ಎಂಬ ಗೆರೆಯನ್ನು ಬರೀ ಆಕಸ್ಮಿಕವಾಗಿ ದಾಟುವ ಸಾಧ್ಯತೆ ತೀರಾ ಕಡಿಮೆ, ಎರಡೂ ಕಡೆ ಸೇರಿ ಸುಮಾರು 370ಕ್ಕೆ ಒಂದು ಎಂದು ಪಠ್ಯಪುಸ್ತಕಗಳು ಹೇಳುತ್ತವೆ. ಅದು ದೀರ್ಘಕಾಲದ ದಾಖಲೆಯಿಂದ ತೆಗೆದ ಗೆರೆಗೆ ಸರಿ. ಏಳೇ ದಿನಗಳಿಂದ ತೆಗೆದ ಗೆರೆ ತಾನೇ ಅಲ್ಲಾಡುತ್ತಿರುತ್ತದೆ. ಏಳು ದಿನ ಅಕಸ್ಮಾತ್ತಾಗಿ ಹತ್ತಿರಹತ್ತಿರದ ಅಂಕಿಗಳು ಬಂದರೆ ಗೆರೆ ತಗ್ಗಿ, ಎಂಟನೇ ದಿನ ಸುಮ್ಮನಿದ್ದ ಅಂಕಿಯೂ ಸಿಕ್ಕಿಬೀಳುತ್ತದೆ. ಲೆಕ್ಕ ಹಾಕಿದರೆ ಮೇಲಿನ ಗೆರೆಯೊಂದನ್ನೇ ದಾಟುವ ಸಾಧ್ಯತೆ ಸುಮಾರು 65 ದಿನಕ್ಕೊಮ್ಮೆಗೆ ಬರುತ್ತದೆ. ರಾಜ್ಯಗಳು, ಕೇಂದ್ರಾಡಳಿತ ಪ್ರದೇಶಗಳು ಸೇರಿ ಮೂವತ್ತಾರು. ಎಲ್ಲೂ ಏನೂ ನಡೆಯದಿದ್ದರೂ ಎರಡು ದಿನಕ್ಕೊಮ್ಮೆ ಎಲ್ಲೋ ಒಂದು ಕಡೆ ಕೆಂಪು ಗುರುತು. ಅದೂ ಸಾವು ಎಂಬ ಒಂದೇ ಕಾಲಂಗೆ. ಸೋಂಕು, ಪರೀಕ್ಷೆ, ಗುಣಮುಖರಾದವರು ಎಂದು ಕಾಲಂ ಹೆಚ್ಚಿದಂತೆ ದಿನವೂ ಹುಸಿ ಕೂಗು. ತಿಂಗಳೊಪ್ಪತ್ತಿನಲ್ಲಿ ನೋಡುವವರು ಕೆಂಪನ್ನು ಗೋಡೆಯ ಬಣ್ಣದಂತೆ ಕಾಣತೊಡಗುತ್ತಾರೆ. ಪುಟ್ಟ ಪ್ರದೇಶಗಳಲ್ಲಂತೂ ಏಳು ದಿನ ಸಾವೇ ಇಲ್ಲದಿದ್ದರೆ ಮಾನಕ ವಿಚಲನೆ ಸೊನ್ನೆ, ಎಂಟನೇ ದಿನ ಒಂದು ಸಾವಾದರೂ ಗುರುತು. ಇಂಥ ಕಡೆ ವಿಚಲನೆಗೆ ಒಂದು ಕನಿಷ್ಠ ಮಿತಿ ಇಟ್ಟುಕೊಳ್ಳಬೇಕಾಗುತ್ತದೆ. ಭಾನುವಾರ ವರದಿ ಕಡಿಮೆ ಬರುವ ಕಡೆ ಮಂಗಳವಾರವನ್ನು ಮಂಗಳವಾರದ ಜೊತೆ ಹೋಲಿಸುವುದು ಮೇಲು.

ಕೋವಿಡ್ ಕಾಲದಲ್ಲಿ ಜಗತ್ತಿನ ಕಣ್ಣೆಲ್ಲ ನೆಟ್ಟಿದ್ದ ಡ್ಯಾಶ್‌ಬೋರ್ಡ್ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ್ದು. 2020ರ ಜನವರಿ 22ರಂದು ಶುರುವಾದ ಅದಕ್ಕೆ ಮೂರೇ ವಾರಗಳಲ್ಲಿ ಮೊದಲ ದೊಡ್ಡ ಜಿಗಿತ ಎದುರಾಯಿತು. ಫೆಬ್ರವರಿ 12ರ ಲೆಕ್ಕಕ್ಕೆ ಚೀನಾದ ಹುಬೇ ಪ್ರಾಂತ್ಯ ಒಂದೇ ದಿನ 14,840 ಹೊಸ ಪ್ರಕರಣ ವರದಿ ಮಾಡಿತು. ಅದರಲ್ಲಿ 13,332 ಪ್ರಯೋಗಾಲಯದ ಪರೀಕ್ಷೆಯಿಲ್ಲದೆ ವೈದ್ಯರು ಲಕ್ಷಣ ಮತ್ತು ಸ್ಕ್ಯಾನ್ ನೋಡಿ ಗುರುತಿಸಿದವು, ಅಂದಿನಿಂದ ಅವನ್ನೂ ಎಣಿಸಲು ನಿರ್ಧರಿಸಿದ್ದರು. ರೋಗ ಏರಿರಲಿಲ್ಲ, ರೋಗ ಎಂದರೇನು ಎಂಬ ವ್ಯಾಖ್ಯೆ ಬದಲಾಗಿತ್ತು. ಮುಂದೆ ಆ ತಂಡ ಅನಿರೀಕ್ಷಿತ ಏರಿಳಿತಗಳನ್ನು ಹಿಡಿದು ಮನುಷ್ಯರ ಕಣ್ಣಿಗೆ ಒಪ್ಪಿಸುವ ಏರ್ಪಾಡನ್ನು ಸೇರಿಸಿತು, ಎಲ್ಲೆಲ್ಲಿ ಹಳೆಯ ಬಾಕಿ ಒಟ್ಟಿಗೆ ಬಂತೆಂಬ ಪಟ್ಟಿಯನ್ನೂ ಬಹಿರಂಗವಾಗಿ ಇಟ್ಟಿತು. ಗುರುತನ್ನು ಒಳಗಿನ ಕೋಣೆಯಲ್ಲಿ ಇಟ್ಟುಕೊಳ್ಳುವುದೇ, ನೋಡುಗರ ಮುಂದೆ ಅಂಕಿಯ ಪಕ್ಕದಲ್ಲೇ ಹಾಕುವುದೇ ಎಂಬುದು ಬೇರೆಯೇ ಪ್ರಶ್ನೆ. ನಾನು ಎರಡನೆಯದರ ಪರ. 6,148 ಎಂಬ ಅಂಕಿ ಆ ಬೆಳಿಗ್ಗೆ ಮೊಬೈಲ್‌ನಿಂದ ಮೊಬೈಲಿಗೆ ಹಾರಿದಾಗ ಅದರ ಜೊತೆಗೇ ಒಂದು ಪುಟ್ಟ ತ್ರಿಕೋನ, ‘ಬಿಹಾರದ 3,951 ಹಳೆಯ ಸಾವು ಸೇರಿ’ ಎಂಬ ಒಂದು ಸಾಲು ಹಾರಿದ್ದರೆ ಎಷ್ಟೋ ಮನೆಗಳಲ್ಲಿ ಅನಗತ್ಯ ದಿಗಿಲು ತಪ್ಪುತ್ತಿತ್ತು.

ಇಷ್ಟಾದರೂ ಈ ಇಡೀ ಏರ್ಪಾಡಿಗೆ ಒಂದು ಕುರುಡು ಮೂಲೆ ಉಳಿಯುತ್ತದೆ. ಅದನ್ನು ತೋರಿಸಲು ಬ್ರಿಟನ್ನಿಗೆ ಹೋಗಬೇಕು, ಏಕೆಂದರೆ ಅಲ್ಲಿ ತಪ್ಪು ನಡೆದ ದಿನಗಳೂ ತಪ್ಪಿದ ಪ್ರಮಾಣವೂ ಆಮೇಲೆ ನಿಖರವಾಗಿ ಗೊತ್ತಾದವು.

2020ರ ಸೆಪ್ಟೆಂಬರ್ ಕೊನೆಯಲ್ಲಿ ಬ್ರಿಟನ್ನಿನ ಸರ್ಕಾರಿ ಡ್ಯಾಶ್‌ಬೋರ್ಡಿನಲ್ಲಿ ದಿನದ ಹೊಸ ಪ್ರಕರಣಗಳು ಹೀಗಿದ್ದವು: 29ರಂದು 7,143, 30ರಂದು 7,108, ಅಕ್ಟೋಬರ್ 1ರಂದು 6,914, 2ರಂದು 6,968. ಏರಿಕೆ ನಿಂತಿತು, ರೋಗ ಸಮತಟ್ಟಿಗೆ ಬಂತು ಎಂದು ಕೆಲವರಿಗೆ ಸಮಾಧಾನವೂ ಆಯಿತು. ಅಕ್ಟೋಬರ್ 3ರಂದು 12,872. ಮರುದಿನ 22,961. ಆಮೇಲೆ ಗುಟ್ಟು ಹೊರಬಿತ್ತು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದವು. ಪ್ರಯೋಗಾಲಯಗಳಿಂದ ಬಂದ ಪಟ್ಟಿಗಳನ್ನು ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ ಸಂಸ್ಥೆ ಹಳೆಯ XLS ಮಾದರಿಯ ಎಕ್ಸೆಲ್ ಕಡತಕ್ಕೆ ತುಂಬುತ್ತಿತ್ತು. ಆ ಮಾದರಿಯಲ್ಲಿ ಒಂದು ಹಾಳೆಗೆ 65,536 ಸಾಲುಗಳಷ್ಟೇ. ಒಬ್ಬೊಬ್ಬ ರೋಗಿಗೂ ಹಲವು ಸಾಲು ಬೇಕಾಗುತ್ತಿತ್ತು. ಹಾಳೆ ತುಂಬಿದ ಮೇಲೆ ಬಂದವರು ಸದ್ದಿಲ್ಲದೆ ಉದುರಿಹೋದರು. ಸೋಂಕಿತರಿಗೆ ತಮ್ಮ ಫಲಿತಾಂಶವೇನೋ ತಲುಪಿತ್ತು, ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ತಂಡಕ್ಕೆ ಹೆಸರುಗಳು ಹೋಗಿರಲಿಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಜನರ ಜೊತೆ ಒಡನಾಡಿದವರು ಏನೂ ತಿಳಿಯದೆ ಓಡಾಡಿಕೊಂಡಿದ್ದರು.

ನಮ್ಮ ಕೆಂಪು ಗುರುತು ಯಾವಾಗ ಬೀಳುತ್ತದೆ ನೋಡಿ. ಅಕ್ಟೋಬರ್ 3 ಮತ್ತು 4ರಂದು, ಅಂದರೆ ತಪ್ಪನ್ನು ಸರಿಪಡಿಸಿದ ದಿನಗಳಂದು. ತಪ್ಪು ನಡೆಯುತ್ತಿದ್ದ ವಾರದಲ್ಲಿ 7,143, 7,108, 6,914, 6,968 ಎಂದು ಅಂಕಿಗಳು ಒಬ್ಬರ ಹೆಗಲ ಮೇಲೊಬ್ಬರು ಕೈಹಾಕಿಕೊಂಡು ಸಾಗಿದಾಗ ಗುರುತು ಬೀಳಲು ಕಾರಣವೇ ಇರಲಿಲ್ಲ. ಸರಾಸರಿಗೆ ಅಷ್ಟು ಹತ್ತಿರವಿದ್ದ ಅಂಕಿಗಳನ್ನು ಯಾವ ಸರಾಸರಿ ಹಿಡಿದೀತು?

ಸಮತಟ್ಟನ್ನೂ ಸಂಶಯದಿಂದ ನೋಡಬೇಕೆಂದು ಕಾರ್ಖಾನೆಯವರಿಗೆ ಗೊತ್ತಿತ್ತು. ಶೂಹಾರ್ಟ್ ಇದ್ದ ಅದೇ ವೆಸ್ಟರ್ನ್ ಎಲೆಕ್ಟ್ರಿಕ್ 1956ರಲ್ಲಿ ತನ್ನ ಕೆಲಸಗಾರರಿಗೆಂದು ಒಂದು ಕೈಪಿಡಿ ಹೊರತಂದಿತು. ಗೆರೆ ದಾಟಿದ ಬಿಂದುವಿನ ಜೊತೆಗೆ ಇನ್ನೂ ಕೆಲವು ಚಹರೆಗಳನ್ನು ಅದು ಪಟ್ಟಿ ಮಾಡುತ್ತದೆ. ಸತತ ಎಂಟು ಬಿಂದುಗಳು ಸರಾಸರಿಯ ಒಂದೇ ಕಡೆ ಬಿದ್ದರೆ ನೋಡಿ ಎನ್ನುತ್ತದೆ. ಹದಿನೈದು ಬಿಂದುಗಳು ಸತತವಾಗಿ ಸರಾಸರಿಗೆ ಒಂದು ವಿಚಲನೆಯೊಳಗೇ ಅಂಟಿಕೊಂಡು ಕೂತರೂ ನೋಡಿ ಎನ್ನುತ್ತದೆ. ಏಕೆಂದರೆ ನಿಜವಾದ ಕೆಲಸ ಅಷ್ಟು ನೆಟ್ಟಗೆ ಇರುವುದಿಲ್ಲ, ಅಳೆಯುವವನು ಏನೋ ಎಡವಟ್ಟು ಮಾಡಿರಬೇಕು. ಈ ಎರಡನೇ ಬಗೆಯ ನಿಯಮ ಡ್ಯಾಶ್‌ಬೋರ್ಡುಗಳಿಗೆ ಅಷ್ಟಾಗಿ ಬರಲಿಲ್ಲ. ಜಿಗಿತ ಕಣ್ಣಿಗೆ ಹೊಡೆಯುತ್ತದೆ, ಜಿಗಿಯಬೇಕಾದದ್ದು ಜಿಗಿಯದೆ ಇದ್ದದ್ದನ್ನು ನೋಡಲು ಮನಸ್ಸು ಮಾಡಬೇಕು. ಬ್ರಿಟನ್ನಿನಲ್ಲಿ ನಾಲ್ಕೇ ದಿನಗಳ ಸಮತಟ್ಟು ಇದ್ದದ್ದರಿಂದ ಹದಿನೈದರ ನಿಯಮ ಅಲ್ಲಿ ಕೂಗುತ್ತಿರಲಿಲ್ಲ ಎಂಬುದನ್ನೂ ಹೇಳಬೇಕು. ಅಲ್ಲಿ ಬೇಕಿದ್ದದ್ದು ಇನ್ನೊಂದು ಸಾದಾ ಹೋಲಿಕೆ. ಒಳಗೆ ಬಂದ ಸಾಲುಗಳೆಷ್ಟು, ಹೊರಗೆ ಹೋದ ಸಾಲುಗಳೆಷ್ಟು? ಕಿರಾಣಿ ಅಂಗಡಿಯವನು ರಾತ್ರಿ ಗಲ್ಲಾಪೆಟ್ಟಿಗೆಗೂ ಬಿಲ್ ಪುಸ್ತಕಕ್ಕೂ ತಾಳೆ ಹಾಕುವಂಥದ್ದು.

ಬಿಹಾರದಲ್ಲೂ ಮರುಪರಿಶೀಲನೆ ಶುರುವಾದದ್ದು ಅಂಥ ತಾಳೆಯಿಂದಲೇ, ಸರಾಸರಿಯಿಂದಲ್ಲ. ಬಕ್ಸರ್ ಜಿಲ್ಲೆಯ ಸಾವಿನ ಲೆಕ್ಕ ಅಧಿಕಾರಿಯಿಂದ ಅಧಿಕಾರಿಗೆ ಬೇರೆಬೇರೆಯಾಗಿದ್ದು ಹೈಕೋರ್ಟಿನ ಗಮನಕ್ಕೆ ಬಂತು. ಘಾಟಿನಲ್ಲಿ ಸುಟ್ಟ ಹೆಣಗಳ ಲೆಕ್ಕಕ್ಕೂ ಪುಸ್ತಕದ ಲೆಕ್ಕಕ್ಕೂ ತಾಳೆಯಾಗುತ್ತಿರಲಿಲ್ಲ. ಎರಡು ಪುಸ್ತಕ ಎದುರುಬದುರಾಗಿ ತೆರೆದಿಟ್ಟಾಗಲಷ್ಟೇ ಕಾಣುವ ವ್ಯತ್ಯಾಸ ಅದು. ಒಂದೇ ಪುಸ್ತಕದ ನಿನ್ನೆಯ ಪುಟವನ್ನೂ ಇಂದಿನ ಪುಟವನ್ನೂ ಎಷ್ಟು ಹೋಲಿಸಿದರೂ ಎರಡರಲ್ಲೂ ಒಂದೇ ಬಗೆಯಲ್ಲಿ ಬಿಟ್ಟುಹೋದದ್ದು ಕಾಣುವುದಿಲ್ಲ.

ಇನ್ನು, ಸಿಕ್ಕ ಬಾಕಿಯನ್ನು ಏನು ಮಾಡಬೇಕು? ಒಬ್ಬೊಬ್ಬರು ಸತ್ತ ದಿನಾಂಕ ತಿಳಿದಿದ್ದರೆ ಅವರವರ ದಿನದ ಖಾನೆಗೆ ಹಿಂದಕ್ಕೆ ಕಳಿಸಬಹುದು. ಆಗ ಏಪ್ರಿಲ್, ಮೇ ತಿಂಗಳ ಗುಡ್ಡ ಎತ್ತರವಾಗುತ್ತದೆ, ಜೂನಿನ ಮೊಳೆ ಮಾಯವಾಗುತ್ತದೆ. ಬಿಹಾರ ಅಂದು ಕೊಟ್ಟ ಲೆಕ್ಕದಲ್ಲಿ ಅಂಥ ದಿನಾಂಕಗಳಿರಲಿಲ್ಲ. ಹಾಗಾಗಿ ವರದಿಯಾದ ದಿನದ ಪ್ರಕಾರ ಜೋಡಿಸಿದ ಅಂಕಿಸಾಲುಗಳಲ್ಲಿ ಆ ಸಾವುಗಳೆಲ್ಲ ಒಂದೇ ದಿನದ ಮೇಲೆ ನಿಂತಿವೆ. ಸ್ವಯಂಸೇವಕರು ನಡೆಸುತ್ತಿದ್ದ covid19india.org 2021ರ ಅಕ್ಟೋಬರ್ ಕೊನೆಗೆ ನಿಂತಿತು, ಜಾನ್ಸ್ ಹಾಪ್ಕಿನ್ಸ್‌ನವರು 2023ರ ಮಾರ್ಚ್ 10ರಂದು ನಿಲ್ಲಿಸಿದರು. ಇಂಥ ಅಂಕಿಸಾಲನ್ನು ಇಳಿಸಿಕೊಂಡು ಯಾರಾದರೂ ಏಳು ದಿನಗಳ ಸರಾಸರಿ ಎಳೆದರೆ ಜೂನ್ 10ರಂದು ಅದು ಬಿಹಾರದ ಬಾಕಿಯೊಂದರಿಂದಲೇ 564ರಷ್ಟು ಮೇಲೇರಿ, 16ರವರೆಗೆ ಆ ಭಾರವನ್ನು ಹೊತ್ತು, 17ರಂದು ಒಮ್ಮೆಗೇ ಅಷ್ಟನ್ನು ಕೆಳಗಿಳಿಸುವುದನ್ನು ನೋಡಬಹುದು. ಆ 3,951 ಜನ ಸತ್ತದ್ದು ಮಾತ್ರ ಆ ವಾರದಲ್ಲಲ್ಲ.